ಬೇಡ ಎಂದ ನಾಲ್ಕು ಪತ್ರಗಳು

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಹಳ್ಳಿಯವಳು. ಕಳೆದ ವರ್ಷ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ನಾಲ್ಕು ವಿಶ್ವವಿದ್ಯಾಲಯಗಳಿಗೆ ಪಿಎಚ್.ಡಿ.ಗೆ ಅರ್ಜಿ ಹಾಕಿದ್ದೆ. ಜನವರಿಯಿಂದ ಏಪ್ರಿಲ್‌ವರೆಗೆ ಒಂದೊಂದಾಗಿ ನಾಲ್ಕೂ ಕಡೆಯಿಂದ ‘ಇಲ್ಲ’ ಅಂತ ಪತ್ರ ಬಂತು. ಅರ್ಜಿ ಶುಲ್ಕ, ಟೋಫೆಲ್ ಎಲ್ಲ ಸೇರಿ ಅಪ್ಪನಿಗೆ 50,000 ರೂಪಾಯಿಗೂ ಹೆಚ್ಚು ಖರ್ಚಾಗಿದೆ. ಅಡಿಕೆ ಮಾರಿದ ದುಡ್ಡು ಅದು. ಪತ್ರಗಳಲ್ಲಿ ‘ನಿಮ್ಮ ಸಾಧನೆ ಮೆಚ್ಚುವಂಥದ್ದು’ ಅಂತಲೂ ಬರೆದಿದ್ದಾರೆ, ‘ಸೇರಿಸಿಕೊಳ್ಳಲು ಆಗುತ್ತಿಲ್ಲ’ ಅಂತಲೂ ಬರೆದಿದ್ದಾರೆ. ಯಾವುದನ್ನು ನಂಬಬೇಕು? ಮನೆಯಲ್ಲಿ ಬಿ.ಇಡಿ. ಮಾಡು ಅನ್ನುತ್ತಿದ್ದಾರೆ. ಇನ್ನೊಂದು ಸಲ ಅರ್ಜಿ ಹಾಕಬೇಕೋ ಬೇಡವೋ ತಿಳಿಯುತ್ತಿಲ್ಲ. ನಾಲ್ಕೂ ಪತ್ರ, ನನ್ನ ಎಸ್‌ಒಪಿ ಜೊತೆಗಿಟ್ಟಿದ್ದೇನೆ. ದಯವಿಟ್ಟು ನೋಡಿ ಹೇಳಿ. ಹೆಸರು ಬೇಡ.

ಉತ್ತರ: ಪತ್ರಗಳನ್ನೂ ಎಸ್‌ಒಪಿಯನ್ನೂ ಕಳಿಸಿದ್ದು ಒಳ್ಳೆಯದಾಯಿತು. ಅವು ಇಲ್ಲದಿದ್ದರೆ ನಾನು ಬರೀ ಸಮಾಧಾನ ಹೇಳಬೇಕಾಗುತ್ತಿತ್ತು, ನಿಮಗೆ ಈಗ ಬೇಕಾದದ್ದು ಅದಲ್ಲ. ನಾಲ್ಕನ್ನೂ ಎರಡೆರಡು ಸಲ ಓದಿದೆ. ನಿಮಗೆ ಅವು ನಾಲ್ಕು ಸಲ ಬಂದ ಒಂದೇ ಮಾತಾಗಿ ಕಾಣುತ್ತಿವೆ. ಆದರೆ ಅವು ನಾಲ್ಕು ಬೇರೆ ಬೇರೆ ಸುದ್ದಿ ಹೇಳುತ್ತಿವೆ. ಒಂದರಲ್ಲಂತೂ ನಿಮ್ಮ ಬಗ್ಗೆ ಯಾರೂ ಏನೂ ತೀರ್ಮಾನಿಸಿಯೇ ಇಲ್ಲ.

ಅದು ಜನವರಿ 20ರ ಮೊದಲ ಪತ್ರ. ‘ಅಗತ್ಯ ದಾಖಲೆಗಳೆಲ್ಲ ಗಡುವಿನೊಳಗೆ ಬಾರದ ಕಾರಣ ನಿಮ್ಮ ಅರ್ಜಿಯನ್ನು ಪರಿಶೀಲನೆಗೆ ಕಳಿಸಲಾಗಲಿಲ್ಲ’ ಎಂಬ ಅರ್ಥದ ಸಾಲು ಎರಡನೆಯ ಪ್ಯಾರಾದ ನಡುವೆ ಇದೆ. ‘ವಿಷಾದಿಸುತ್ತೇವೆ’ ಎಂಬ ಪದ ಕಂಡೊಡನೆ ಕಣ್ಣು ಅಲ್ಲೇ ನಿಂತುಬಿಡುವುದರಿಂದ ಆ ಸಾಲು ನಿಮಗೆ ತಪ್ಪಿಹೋಗಿದೆ. ನಿಮ್ಮ ಫೈಲು ಯಾವ ಪ್ರಾಧ್ಯಾಪಕರ ಕೈಗೂ ಹೋಗಿಲ್ಲ. ಅರ್ಜಿಯ ಪುಟಕ್ಕೆ ಈಗಲೂ ಲಾಗಿನ್ ಆಗಲು ಸಾಧ್ಯವಿದ್ದರೆ ಮೂರು ಶಿಫಾರಸು ಪತ್ರಗಳ ಮುಂದೆ ಏನು ಬರೆದಿದೆ ನೋಡಿ. ನನ್ನ ಅನುಮಾನ ನಿಮ್ಮ ಪದವಿ ಕಾಲೇಜಿನ ಪ್ರಾಂಶುಪಾಲರ ಪತ್ರದ ಮೇಲೆ. ಶಿಫಾರಸು ಕೇಳುವ ಲಿಂಕು ವಿಶ್ವವಿದ್ಯಾಲಯದಿಂದ ನೇರವಾಗಿ ಅವರ ಇ-ಮೇಲ್‌ಗೆ ಹೋಗುತ್ತದೆ. ಕಚೇರಿಯ ವಿಳಾಸ ಕೊಟ್ಟಿದ್ದರೆ ಅದು ಸ್ಪ್ಯಾಮಿಗೆ ಬಿದ್ದಿರಬಹುದು, ಇಲ್ಲವೇ ಗುಮಾಸ್ತರು ಒಂದು ಕಡೆಯದನ್ನು ಹಾಕಿ ‘ಆಯಿತು ಸಾರ್’ ಎಂದಿರಬಹುದು. ನಾಲ್ಕು ವಿಶ್ವವಿದ್ಯಾಲಯಗಳಿಂದ ನಾಲ್ಕು ಲಿಂಕು ಬರುತ್ತವೆ, ನಾಲ್ಕಕ್ಕೂ ಬೇರೆ ಬೇರೆಯಾಗಿ ಹಾಕಬೇಕು ಎನ್ನುವುದು ಅನೇಕ ಮೇಷ್ಟ್ರುಗಳಿಗೆ ಗೊತ್ತಿರುವುದಿಲ್ಲ. ಗಡುವಿಗೆ ಹತ್ತು ದಿನ ಮೊದಲು ಈ ಪುಟ ನೋಡಿ, ಫೋನ್ ಮಾಡಿ ನೆನಪಿಸುವುದು ಅರ್ಜಿದಾರರದೇ ಕೆಲಸ. ಹಾಗಾಗಿ ಈ ಪತ್ರವನ್ನು ಸೋಲಿನ ಲೆಕ್ಕಕ್ಕೆ ಹಿಡಿಯಬೇಡಿ.

ಎರಡನೆಯದು ಫೆಬ್ರುವರಿ 6ರದು. ಸಹಿ ಮಾಡಿದವರು ಗ್ರಾಜುಯೇಟ್ ಸ್ಕೂಲಿನ ಡೀನ್. ಅಲ್ಲಿನ ವ್ಯವಸ್ಥೆಯಲ್ಲಿ ಆಯ್ಕೆ ಮಾಡುವುದು ವಿಭಾಗದ ಸಮಿತಿ. ಡೀನ್ ಕಚೇರಿ ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ, ಅದು ವಿಭಾಗದ ತೀರ್ಮಾನವನ್ನು ಅಧಿಕೃತವಾಗಿ ತಿಳಿಸುತ್ತದೆ. ಇತಿಹಾಸಕ್ಕೆ ಅರ್ಜಿ ಹಾಕಿದವರಿಗೂ ಭೌತಶಾಸ್ತ್ರಕ್ಕೆ ಹಾಕಿದವರಿಗೂ ಹೋಗುವುದು ಇದೇ ಒಕ್ಕಣೆ. ‘ನಿಮ್ಮ ಸಾಧನೆ ಮೆಚ್ಚುವಂಥದ್ದು’, ‘ಅರ್ಹರ ಸಂಖ್ಯೆ ನಮ್ಮಲ್ಲಿರುವ ಸ್ಥಾನಗಳಿಗಿಂತ ಬಹಳ ಹೆಚ್ಚಿತ್ತು’ ಎಂಬ ಮಾತುಗಳು ಅದರಲ್ಲಿ ಮೊದಲೇ ಅಚ್ಚಾಗಿರುತ್ತವೆ. ನೀವು ರಾತ್ರಿಯೆಲ್ಲ ಕೂತು ಒಂದೊಂದು ವಿಶೇಷಣವನ್ನು ತೂಗಿದ್ದೀರಿ. ಅವುಗಳಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ.

ಈ ಪತ್ರದಲ್ಲಿ ಸುದ್ದಿ ಎನ್ನುವಂಥದ್ದು ಒಂದೇ, ಅದರ ದಿನಾಂಕ. ಆ ವಿಭಾಗ ಫೆಬ್ರುವರಿಯ ಕೊನೆಗೆ ಸಂದರ್ಶನ ಇಟ್ಟುಕೊಳ್ಳುತ್ತದೆ ಎಂದು ನೀವೇ ಬರೆದಿದ್ದೀರಿ. ಅದಕ್ಕೂ ಮೊದಲೇ ‘ಇಲ್ಲ’ ಬಂದಿದೆ ಎಂದರೆ ನಿಮ್ಮ ಅರ್ಜಿ ಮೊದಲ ಓದಿನಲ್ಲೇ ಬದಿಗೆ ಹೋಗಿದೆ. ಏಕೆ ಎಂದು ಪತ್ರ ಹೇಳುವುದಿಲ್ಲ. ಕಾರಣ ಏನಾದರೂ ಸಿಕ್ಕರೆ ಅದು ನಿಮ್ಮ ಫೈಲಿನಲ್ಲೇ ಸಿಗಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ನೀವು ಸರಿಯಾಗಿ ಓದಲೇಬೇಕಾದದ್ದು ಏಪ್ರಿಲ್ 17ರ ಪತ್ರ. ಇದನ್ನು ಬರೆದವರು ಡೀನ್ ಅಲ್ಲ, ವಿಭಾಗದಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳ ವ್ಯವಹಾರ ನೋಡಿಕೊಳ್ಳುವ ಪ್ರಾಧ್ಯಾಪಕರು. ಮೂರು ಮಾತು ಹೇಳಿದ್ದಾರೆ. ನಿಮ್ಮ ಅರ್ಜಿ ಕೊನೆಯವರೆಗೂ ಪರಿಶೀಲನೆಯಲ್ಲಿತ್ತು. ನೀವು ಹೆಸರಿಸಿದ ಪ್ರಾಧ್ಯಾಪಕರಿಗೆ ಈ ವರ್ಷ ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವುದು ಸಾಧ್ಯವಾಗುತ್ತಿಲ್ಲ. ಮುಂದೆ ಅರ್ಜಿ ಹಾಕುವುದಾದರೆ ಮೊದಲು ಅವರನ್ನು ಸಂಪರ್ಕಿಸಿ. ಅಚ್ಚಿನ ಪತ್ರದಲ್ಲಿ ಈ ಮೂರೂ ಇರುವುದಿಲ್ಲ. ನಿಮ್ಮ ಫೈಲನ್ನು ಎದುರಿಗಿಟ್ಟುಕೊಂಡು ಬರೆದ ಪತ್ರ ಇದು. ಫೆಬ್ರುವರಿಯಲ್ಲಿ ಆ ಪ್ರಾಧ್ಯಾಪಕರು ನಿಮ್ಮ ಜೊತೆ ಆನ್‌ಲೈನ್‌ನಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದರು ಎಂದೂ ಹೇಳಿದ್ದೀರಿ.

ಇಲ್ಲಿ ದುಡ್ಡಿನ ಲೆಕ್ಕ ಸ್ವಲ್ಪ ತಿಳಿದಿರಬೇಕು. ಪರಿಸರ ವಿಜ್ಞಾನದಂಥ ವಿಭಾಗಗಳಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಯನ್ನು ಒಬ್ಬ ಪ್ರಾಧ್ಯಾಪಕರ ಕೈಕೆಳಗೇ ಸೇರಿಸಿಕೊಳ್ಳುತ್ತಾರೆ. ಅವಳ ಬೋಧನಾ ಶುಲ್ಕ, ತಿಂಗಳ ಸ್ಟೈಪೆಂಡ್ ಎರಡೂ ಐದು ವರ್ಷ ನಡೆಯಬೇಕು. ಅದರಲ್ಲಿ ಒಂದು ಪಾಲು ಪಾಠದ ಸಹಾಯಕಿಯಾಗಿ ದುಡಿದದ್ದಕ್ಕೆ ವಿಭಾಗದಿಂದ ಬರುತ್ತದೆ, ಉಳಿದದ್ದು ಪ್ರಾಧ್ಯಾಪಕರ ಸಂಶೋಧನಾ ಅನುದಾನದಿಂದ. ಅನುದಾನ ಬಾರದಿದ್ದರೆ ಎಷ್ಟೇ ಇಷ್ಟವಾದ ವಿದ್ಯಾರ್ಥಿಗೂ ‘ಬಾ’ ಎನ್ನಲಾಗುವುದಿಲ್ಲ. ಈ 2025ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಂಶೋಧನಾ ಹಣವೇ ಅನಿಶ್ಚಿತವಾಗಿ, ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಸ್ಥಾನಗಳನ್ನು ಇಳಿಸಿದವು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಚಾನ್ ವೈದ್ಯಕೀಯ ಶಾಲೆ, ಕೊಟ್ಟಿದ್ದ ಪ್ರವೇಶಗಳನ್ನೇ ಮಾರ್ಚ್‌ನಲ್ಲಿ ಹಿಂದಕ್ಕೆ ಪಡೆಯಿತು.

ದಿನಾಂಕವನ್ನೂ ಗಮನಿಸಿ. ಧನಸಹಾಯದ ಜೊತೆ ಪ್ರವೇಶ ಸಿಕ್ಕ ವಿದ್ಯಾರ್ಥಿಗಳು ಏಪ್ರಿಲ್ 15ರೊಳಗೆ ಉತ್ತರ ಕೊಟ್ಟರೆ ಸಾಕು ಎಂದು ಅಲ್ಲಿನ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಅಡಿಯಲ್ಲಿ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಅಲ್ಲಿಯವರೆಗೆ ಮೊದಲ ಸಾಲಿನವರು ಯೋಚಿಸುತ್ತಾರೆ, ಎರಡನೆಯ ಸಾಲಿನವರನ್ನು ವಿಭಾಗ ಕಾಯಿಸುತ್ತದೆ. ಬೇಡವೇ ಬೇಡ ಎನ್ನಿಸಿದವರನ್ನು ಯಾರೂ ಏಪ್ರಿಲ್ 17ರವರೆಗೆ ಇಟ್ಟುಕೊಳ್ಳುವುದಿಲ್ಲ. ನಿಮ್ಮ ಮುಂದಿದ್ದವರು ಒಪ್ಪಿಕೊಂಡರೋ, ಬರಬೇಕಿದ್ದ ಹಣ ಬರಲಿಲ್ಲವೋ, ಪತ್ರದಿಂದ ಗೊತ್ತಾಗದು. ಎರಡರಲ್ಲಿ ಯಾವುದಾದರೂ ನೀವು ಬಾಗಿಲವರೆಗೆ ಹೋಗಿದ್ದಿರಿ ಎಂಬುದಂತೂ ನಿಜ.

ಈ ಪತ್ರಕ್ಕೆ ನೀವು ಉತ್ತರವನ್ನೇ ಬರೆದಿಲ್ಲ. ಈ ವಾರ ಬರೆಯಿರಿ. ಆ ಪ್ರಾಧ್ಯಾಪಕರಿಗೆ ನಾಲ್ಕು ಸಾಲು ಸಾಕು: ಮಾತಾಡಲು ಸಮಯ ಕೊಟ್ಟದ್ದಕ್ಕೆ ಧನ್ಯವಾದ, ವಿಭಾಗದ ಪತ್ರ ತಲುಪಿತು, ಇದೇ ವಿಷಯದಲ್ಲಿ ಕೆಲಸ ಮುಂದುವರಿಸುತ್ತಿದ್ದೇನೆ, ಸೆಪ್ಟೆಂಬರ್‌ನಲ್ಲಿ ಮತ್ತೆ ಬರೆಯುತ್ತೇನೆ. ‘ನನ್ನನ್ನು ಯಾಕೆ ತೆಗೆದುಕೊಳ್ಳಲಿಲ್ಲ’ ಎಂದು ಕೇಳಬೇಡಿ. ಮರುಪರಿಶೀಲಿಸಿ ಎಂದು ಬೇಡಿಕೊಳ್ಳಬೇಡಿ. ಸೆಪ್ಟೆಂಬರ್‌ನ ಪತ್ರದಲ್ಲಿ ಒಂದೇ ಪ್ರಶ್ನೆ ಇರಲಿ: 2026ರ ಆಗಸ್ಟ್‌ಗೆ ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವ ಯೋಚನೆ ಇದೆಯೇ? ಇದೆ ಎಂದರೆ ಅರ್ಜಿ ಹಾಕಿ. ಇಲ್ಲ ಎಂದರೆ, ಅಥವಾ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿದ ಮೇಲೂ ಉತ್ತರ ಬರದಿದ್ದರೆ, ಅಲ್ಲಿಗೆ ಇನ್ನೊಮ್ಮೆ ಶುಲ್ಕ ಕಟ್ಟಬೇಡಿ.

ನಾಲ್ಕನೆಯ ಪತ್ರದ ವಿಷಯ ಬೇಗ ಮುಗಿಯುತ್ತದೆ. ಪಿಎಚ್.ಡಿ.ಗೆ ಆಗಲಿಲ್ಲ, ಬೇಕಿದ್ದರೆ ಎಂ.ಎಸ್.ಗೆ ಸೇರಿಸಿಕೊಳ್ಳುತ್ತೇವೆ ಎಂದಿದ್ದಾರೆ. ನಿಮ್ಮ ಮಾವ ಇದನ್ನು ‘ಅರ್ಧ ಸೀಟು ಸಿಕ್ಕಿದ ಹಾಗೆ’ ಎಂದರಂತೆ, ಹಾಗಲ್ಲ. ಎಂ.ಎಸ್.ಗೆ ಬಹುಪಾಲು ಕಡೆ ಶುಲ್ಕ ವಿದ್ಯಾರ್ಥಿಯದೇ. ಎಂ.ಎಸ್ಸಿ. ನಿಮ್ಮಲ್ಲಿ ಆಗಲೇ ಇದೆ. ಅವರಿಗೆ ಎರಡು ಪ್ರಶ್ನೆ ಕೇಳಿ: ಇದರಲ್ಲಿ ಪ್ರಬಂಧ ಬರೆಯುವ ಸಂಶೋಧನೆ ಇದೆಯೇ, ಶುಲ್ಕ ಮನ್ನಾ ಆಗುವಂಥ ಸಹಾಯಕಿಯ ಕೆಲಸ ಸಿಗುತ್ತದೆಯೇ? ಎರಡಕ್ಕೂ ಬರವಣಿಗೆಯಲ್ಲಿ ‘ಹೌದು’ ಬಂದರೆ ಮತ್ತೆ ನನಗೆ ಬರೆಯಿರಿ. ಬಾರದಿದ್ದರೆ ತೋಟದ ಮೇಲೆ ಸಾಲ ತೆಗೆದು ಹೋಗಬೇಡಿ.

ಈಗ ಮೊದಲ ಓದಿನಲ್ಲಿ ಬದಿಗೆ ಹೋದ ಫೈಲಿನ ಮಾತು. ನಾನು ಕೆಲವು ವರ್ಷ ಇಂಥದೊಂದು ಪ್ರವೇಶ ಸಮಿತಿಯಲ್ಲಿ ಕೂತಿದ್ದೆ. ಮೊದಲ ಸುತ್ತಿನಲ್ಲಿ ಒಂದು ಫೈಲಿಗೆ ಹದಿನೈದು ನಿಮಿಷ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ನಾವು ಹುಡುಕುತ್ತಿದ್ದದ್ದು ಒಂದೇ: ಈಕೆ ತಾನಾಗಿ ಒಂದು ಪ್ರಶ್ನೆ ಹಿಡಿದು ಅದರ ಹಿಂದೆ ಹೋಗಿದ್ದಾಳೆಯೇ, ಅದನ್ನು ಕಣ್ಣಾರೆ ಕಂಡವರು ಯಾರಾದರೂ ಹೇಳಿದ್ದಾರೆಯೇ? ಆ ಕಣ್ಣಿನಿಂದಲೇ ನಿಮ್ಮ ಎಸ್‌ಒಪಿ ಓದಿದೆ. ಎರಡು ಪುಟದಲ್ಲಿ ಮುಕ್ಕಾಲು ಪುಟ ಮಲೆನಾಡಿನ ಮಳೆ, ಅಜ್ಜನ ಜೊತೆ ಕಾಡು ಸುತ್ತಿದ್ದು, ಭೂಮಿ ಬಿಸಿಯಾಗುತ್ತಿರುವ ಆತಂಕ. ನಿಮ್ಮ ಡಿಸರ್ಟೇಷನ್‌ಗೆ ಸಿಕ್ಕಿದ್ದು ಎರಡೇ ಸಾಲು: ಪಶ್ಚಿಮಘಟ್ಟದಲ್ಲಿ ತರಗೆಲೆ ಕೊಳೆಯುವುದನ್ನು ಅಭ್ಯಾಸ ಮಾಡಿದೆ, ಒಳ್ಳೆಯ ಫಲಿತಾಂಶ ಬಂತು.

ಆದರೆ ನನಗೆ ಬರೆದ ಪತ್ರದ ಕೊನೆಗೆ, ಸುಮ್ಮನೆ ಹೇಳುವಂತೆ, ಆ ಕೆಲಸವನ್ನು ವಿವರಿಸಿದ್ದೀರಿ. 2023ರ ಜೂನ್‌ನಲ್ಲಿ ನೈಲಾನ್ ಬಲೆಯ 72 ಚೀಲ ಹೊಲಿಸಿ, ಒಂದೊಂದರಲ್ಲೂ ಒಣಗಿಸಿ ತೂಗಿದ 10 ಗ್ರಾಂ ಎಲೆ ತುಂಬಿ, 36ನ್ನು ನಿಮ್ಮ ಮನೆಯ ಸೊಪ್ಪಿನಬೆಟ್ಟದಲ್ಲಿ, 36ನ್ನು ಪಕ್ಕದ ಕಾನಿನಲ್ಲಿ ನೆಲದ ಮೇಲೆ ಇಟ್ಟಿರಿ. ತಿಂಗಳಿಗೆ ಒಂದೊಂದು ಕಡೆಯಿಂದ ಆರಾರು ಚೀಲ ತಂದು, ಮಣ್ಣು ತೊಳೆದು, ಒಣಗಿಸಿ, ಉಳಿದ ಎಲೆ ತೂಗಿದಿರಿ. ಕಾನಿನಲ್ಲಿ ಮೂರನೆಯ ತಿಂಗಳಿಗೇ ಅರ್ಧ ತೂಕ ಹೋಗಿತ್ತು, ಬೆಟ್ಟದಲ್ಲಿ ಅದಕ್ಕೆ ಐದು ತಿಂಗಳು ಬೇಕಾಯಿತು. ತೋಟಕ್ಕೆಂದು ಪ್ರತಿ ವರ್ಷ ಸೊಪ್ಪು ಕಡಿದು, ದರಕು ಗುಡಿಸಿ ತರುವ ನೆಲದಲ್ಲಿ ಎಲೆ ಯಾಕೆ ನಿಧಾನವಾಗಿ ಕೊಳೆಯುತ್ತದೆ? ನೆರಳಿಲ್ಲದೆ ತೇವ ಆರಿಹೋಗುವುದರಿಂದಲೋ, ಎಲೆ ತಿನ್ನುವ ಗೆದ್ದಲು, ಚೋರಟೆ, ಎರೆಹುಳು ಕಡಿಮೆಯಾಗಿರುವುದರಿಂದಲೋ? ‘ಇದು ನನಗೆ ಗೊತ್ತಾಗಲಿಲ್ಲ’ ಎಂದು ಸಂಕೋಚದಿಂದ ಬರೆದಿದ್ದೀರಿ. ಸಮಿತಿ ಓದಬೇಕಿದ್ದದ್ದು ಈ ಸಾಲನ್ನೇ. ಅದು ಎಸ್‌ಒಪಿಯ ಮೊದಲ ಪ್ಯಾರಾದಲ್ಲಿರಬೇಕಿತ್ತು. ಅಜ್ಜನ ನೆನಪು ನಿಮಗೆ ಪ್ರಿಯವಾದದ್ದು, ನನಗೂ ಓದಲು ಹಿತವಾಯಿತು. ಆದರೆ ಪಿಎಚ್.ಡಿ. ಸಮಿತಿಗೆ ಅದರಿಂದ ತಿಳಿಯುವುದೇನೂ ಇಲ್ಲ.

ಎರಡನೆಯ ವಿಶ್ವವಿದ್ಯಾಲಯದಲ್ಲಿ ನೀವು ಹೆಸರಿಸಿದ ಮೂವರು ಪ್ರಾಧ್ಯಾಪಕರ ಪುಟಗಳನ್ನೂ ನೋಡಿದೆ. ಒಬ್ಬರ ಹೆಸರಿನ ಮುಂದೆ ‘ಎಮೆರಿಟಸ್’ ಎಂದಿದೆ. ಅಂದರೆ ನಿವೃತ್ತರು, ಅಂಥವರು ಸಾಮಾನ್ಯವಾಗಿ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದಿಲ್ಲ. ಇನ್ನೊಬ್ಬರು ಆರ್ಕ್ಟಿಕ್‌ನ ಹೆಪ್ಪುಗಟ್ಟಿದ ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವವರು. ಅವರಿಗೂ ನಿಮಗೂ ‘ಕೊಳೆಯುವಿಕೆ’ ಎಂಬ ಪದ ಒಂದೇ ಸಮಾನ. ಮೂರನೆಯವರ ಇತ್ತೀಚಿನ ಬರಹಗಳೆಲ್ಲ ಕಂಪ್ಯೂಟರ್ ಮಾದರಿಗಳ ಬಗ್ಗೆ. ಹೀಗಿರುವಾಗ ಓದಿದವರಿಗೆ ನೀವು ಪಟ್ಟಿಯಿಂದ ಹೆಸರು ಆರಿಸಿದ್ದೀರಿ ಎನ್ನಿಸಿರುತ್ತದೆ. ಈ ವಿಭಾಗ ನಿಮಗೆ ಹೊಂದುವುದಿಲ್ಲ, ಅಲ್ಲಿಗೆ ಮತ್ತೆ ಹಾಕಬೇಡಿ. ಮೂರನೆಯ ಪತ್ರ ಬಂದ ಕಡೆ ಮಾತ್ರ ನಿಮ್ಮ ವಿಷಯದವರೇ ಇದ್ದರು, ಅಲ್ಲಿ ಮಾತ್ರ ಸಂದರ್ಶನದವರೆಗೆ ಹೋದಿರಿ. ಎರಡು ಕಡೆಗೂ ಹೋದದ್ದು ಒಂದೇ ಅಂಕಪಟ್ಟಿ, ಒಂದೇ ಟೋಫೆಲ್. ಹಾಗಾಗಿ ಅಂಕದ ಬಗ್ಗೆ, ಇಂಗ್ಲಿಷಿನ ಬಗ್ಗೆ ನಿಮಗಿರುವ ಭಯಕ್ಕೆ ಈ ಪತ್ರಗಳಲ್ಲಿ ಆಧಾರ ಇಲ್ಲ.

ಶಿಫಾರಸು ಪತ್ರಗಳನ್ನು ನಾನು ನೋಡಿಲ್ಲ, ನೀವೂ ನೋಡಿರುವುದಿಲ್ಲ. ಬರೆದವರು ಯಾರು ಎನ್ನುವುದರಿಂದಲೇ ಅರ್ಧ ಊಹಿಸಬಹುದು. ಗೈಡ್ ಬರೆದಿದ್ದಾರೆ, ಸರಿ. ವಿಭಾಗದ ಮುಖ್ಯಸ್ಥರು ಒಂದು ಸೆಮಿಸ್ಟರ್ ಪಾಠ ಮಾಡಿದವರು, ‘ಶಿಸ್ತಿನ ವಿದ್ಯಾರ್ಥಿನಿ, ತರಗತಿಯಲ್ಲಿ ಎರಡನೆಯ ಸ್ಥಾನ’ ಎಂದಿರುತ್ತಾರೆ. ಪ್ರಾಂಶುಪಾಲರ ಬಳಿ ನಿಮ್ಮ ಸ್ವಭಾವ ಬಿಟ್ಟು ಹೇಳಲು ಏನಿದ್ದೀತು? ಹುದ್ದೆ ದೊಡ್ಡದಾದಷ್ಟೂ ಪತ್ರಕ್ಕೆ ತೂಕ ಎಂದು ನಮ್ಮಲ್ಲಿ ನಂಬಿಕೆ ಇದೆ, ಸಮಿತಿ ಹಾಗೆ ಓದುವುದಿಲ್ಲ. ನಿಮ್ಮ 72 ತೂಕಗಳನ್ನು ಮುಂದಿಟ್ಟುಕೊಂಡು ಮೂರು ಶನಿವಾರ ಜೊತೆಗೆ ಕೂತು ಲೆಕ್ಕ ಹೇಳಿಕೊಟ್ಟ ಸಂಖ್ಯಾಶಾಸ್ತ್ರದ ಮೇಡಂ ಬಗ್ಗೆ ಬರೆದಿದ್ದೀರಲ್ಲ, ಪ್ರಾಂಶುಪಾಲರ ಬದಲು ಅವರನ್ನು ಕೇಳಿ. ನೀವು ಎಲ್ಲಿ ತಪ್ಪಿದಿರಿ, ಹೇಗೆ ತಿದ್ದಿಕೊಂಡಿರಿ ಎಂದು ಅವರು ಬರೆಯಬಲ್ಲರು.

ಹಾಗಾದರೆ ಮತ್ತೆ ಅರ್ಜಿ ಹಾಕಬೇಕೇ? ನಾನು ಇದನ್ನು ಹೀಗೆ ನೋಡುತ್ತೇನೆ. ಡಿಸೆಂಬರ್ 1ಕ್ಕೆ ನಿಮ್ಮ ಫೈಲಿನಲ್ಲಿ ಕಳೆದ ವರ್ಷ ಇಲ್ಲದ್ದು ಏನಿರುತ್ತದೆ? ಭಾಷೆ ತಿದ್ದಿದ ಹಳೆಯ ಎಸ್‌ಒಪಿ ಮಾತ್ರ ಆದರೆ ಈ ವರ್ಷ ಬೇಡ. ಮತ್ತೆ ಪೂರ್ತಿ ಶುಲ್ಕ ಕಟ್ಟಬೇಕು, ಮತ್ತೆ ಮೇಷ್ಟ್ರುಗಳನ್ನು ಕೇಳಬೇಕು. ಕೆಲವು ವಿಶ್ವವಿದ್ಯಾಲಯಗಳು ಹಿಂದೆ ಅರ್ಜಿ ಹಾಕಿದ್ದಿರಾ, ಅಂದಿನಿಂದ ಏನು ಬದಲಾಗಿದೆ ಎಂದು ನೇರವಾಗಿಯೇ ಕೇಳುತ್ತವೆ. ಇನ್ನು ಕೆಲವು ಕಡೆ ಎಷ್ಟು ಸಲ ಹಾಕಬಹುದು ಎಂಬುದಕ್ಕೂ ಮಿತಿ ಇದೆ, ಆ ನಿಯಮವನ್ನು ಮೊದಲೇ ಓದಿಕೊಳ್ಳಿ.

ನಿಮ್ಮ ವಿಷಯದಲ್ಲಿ ಬದಲಾಯಿಸಲು ಒಂದು ಒಳ್ಳೆಯ ದಾರಿ ಇದೆ, ಅದಕ್ಕೆ ಸಮಯವೂ ಕೂಡಿಬಂದಿದೆ. ಈಗ ಮೇ ಕೊನೆ. ಎಲೆ ಕೊಳೆಯುವುದು ಮಳೆಗಾಲದಲ್ಲಿ. ಅದೇ ಬೆಟ್ಟ, ಅದೇ ಕಾನು, ಈ ಸಲ ಎರಡು ಬಗೆಯ ಚೀಲ: ಚೋರಟೆ, ಎರೆಹುಳು ಒಳಹೋಗುವಷ್ಟು ದೊಡ್ಡ ಕಣ್ಣಿನ ಬಲೆಯದೊಂದು, ಅವು ನುಸುಳಲಾಗದ ಸಣ್ಣ ಕಣ್ಣಿನದೊಂದು. ಕಾನಿನಲ್ಲಿ ದೊಡ್ಡ ಕಣ್ಣಿನ ಚೀಲ ಮಾತ್ರ ಬೇಗ ಖಾಲಿಯಾಗಿ, ಸಣ್ಣ ಕಣ್ಣಿನವು ಎರಡೂ ಕಡೆ ಒಂದೇ ವೇಗದಲ್ಲಿ ಕೊಳೆತರೆ ವ್ಯತ್ಯಾಸ ಹುಳುಗಳದು. ಸಣ್ಣ ಕಣ್ಣಿನವೂ ಕಾನಿನಲ್ಲೇ ಬೇಗ ಕೊಳೆತರೆ ಕಾರಣ ತೇವದ ಕಡೆಗೆ ವಾಲುತ್ತದೆ. ಇದಕ್ಕೊಂದು ಮಿತಿ ಇದೆ: ಸಣ್ಣ ಕಣ್ಣಿನ ಬಲೆಯೊಳಗೆ ತೇವ ತುಸು ಹೆಚ್ಚು ಹೊತ್ತು ನಿಲ್ಲಬಹುದು. ಅದನ್ನು ಮುಚ್ಚಿಡದೆ ಬರೆಯಿರಿ, ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ಒಣಗಿಸುವ ಓವನ್, ತಕ್ಕಡಿ ಬಳಸಲು ಗೈಡ್ ಒಪ್ಪಬೇಕು. ಅವರು ಒಪ್ಪಿದರೆ ನವೆಂಬರ್ ಹೊತ್ತಿಗೆ ಅವರ ಶಿಫಾರಸಿಗೂ ಹೊಸ ವಿಷಯ ಸಿಗುತ್ತದೆ, ಸೆಪ್ಟೆಂಬರ್‌ನ ಪತ್ರದಲ್ಲಿ ಆ ಪ್ರಾಧ್ಯಾಪಕರಿಗೆ ಹೇಳಲು ಮೂರು ತಿಂಗಳ ಅಂಕಿಗಳೂ ಇರುತ್ತವೆ.

ಇಷ್ಟಾದರೆ ಮೂರು ಕಡೆ ಮಾತ್ರ ಅರ್ಜಿ ಹಾಕಿ. ಮೂರನೆಯ ಪತ್ರ ಬಂದ ಕಡೆ, ಪ್ರಾಧ್ಯಾಪಕರು ಹೂಂ ಎಂದರೆ. ನಿಮ್ಮ ಫೈಲು ಓದದೆ ಕಳಿಸಿದ ಮೊದಲನೆಯ ಕಡೆ, ಅಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರದವರು ಇದ್ದಾರೆಯೇ ಎಂದು ಮತ್ತೊಮ್ಮೆ ನೋಡಿಕೊಂಡು. ಇನ್ನೊಂದು ಹೊಸದು. ಟೋಫೆಲ್ ಅಂಕ ಎರಡು ವರ್ಷ ನಡೆಯುತ್ತದೆ, ನೀವು ಕಳೆದ ಸೆಪ್ಟೆಂಬರ್‌ನಲ್ಲಿ ಬರೆದದ್ದರಿಂದ ಆ ಖರ್ಚು ಈ ಸಲ ಇಲ್ಲ. ಜೊತೆಗೆ ಬೆಂಗಳೂರಿನ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರ, ಏಟ್ರೀ ಇವುಗಳ ಪಿಎಚ್.ಡಿ. ಪ್ರಕಟಣೆಗಳ ಮೇಲೂ ಕಣ್ಣಿಡಿ. ಸೊಪ್ಪಿನಬೆಟ್ಟದ ಪ್ರಶ್ನೆಗೆ ಅಮೆರಿಕವೇ ಆಗಬೇಕೆಂದಿಲ್ಲ.

ಬಿ.ಇಡಿ. ಮಾತು ಮನೆಯಲ್ಲಿ ಎದ್ದಾಗ ಅಪ್ಪನಿಗೆ ಈ ನಾಲ್ಕು ಪತ್ರಗಳನ್ನು ಕನ್ನಡದಲ್ಲಿ ಹೇಳಿ, ನಾನು ಹೇಳಿದ ಹಾಗೆಯೇ, ಒಂದೊಂದಾಗಿ. ದುಡ್ಡು ಕೊಟ್ಟವರು ಅವರು, ಏನಾಯಿತು ಎಂದು ಅವರಿಗೂ ತಿಳಿಯಬೇಕು. ಈ ವರ್ಷದ ಖರ್ಚು ಎಷ್ಟು, ಯಾವ ತಿಂಗಳಲ್ಲಿ ನಿಲ್ಲಿಸುವ ತೀರ್ಮಾನ ಮಾಡುತ್ತೀರಿ ಎನ್ನುವುದನ್ನೂ ಹೇಳಿ. ಸೆಪ್ಟೆಂಬರ್ ಕೊನೆಗೆ ಪ್ರಾಧ್ಯಾಪಕರ ಉತ್ತರ, ಚೀಲಗಳ ಲೆಕ್ಕ ಎರಡನ್ನೂ ಅವರ ಮುಂದಿಟ್ಟು ಕೂತು ನಿರ್ಧರಿಸಿ.

ಜೂನ್ ಮೊದಲ ವಾರ ಮಳೆ ಹಿಡಿದರೆ ಕಾನಿನೊಳಗೆ ಹೋಗುವುದು ಕಷ್ಟ. ಪೇಟೆಯ ಟೈಲರ್ ಹತ್ತಿರ ಚೀಲ ಹೊಲಿಸಲು ಈ ಸಲ ಎರಡು ಬಗೆಯ ಬಲೆ ಕೊಡಬೇಕಾದ್ದರಿಂದ, ನಾಳೆಯೇ ಗೈಡ್‌ಗೆ ಫೋನ್ ಮಾಡಿ.